ಕೊನೆಯ ನಾಲ್ಕು ಸೆಕೆಂಡಿಗೆ ಎರಡು ವರದಿ

1982ರ ನವೆಂಬರ್ 24, ಬುಧವಾರ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಬರ್ಕ್ಲಿ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಅಂದು ವಿದ್ಯಾರ್ಥಿಗಳ ಕೈಗೆ ಅವರದೇ ಕಾಲೇಜು ಪತ್ರಿಕೆಯಾದ 'ಡೇಲಿ ಕ್ಯಾಲಿಫೋರ್ನಿಯನ್'ನ ವಿಶೇಷ ಸಂಚಿಕೆಯೊಂದು ಬಂತು. ಮೊದಲ ಪುಟದ ಸುದ್ದಿ ಎದೆ ಒಡೆಯುವಂಥದು. ನಾಲ್ಕು ದಿನಗಳ ಹಿಂದೆ, ಅಂದರೆ ಶನಿವಾರ, ನೆರೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೇಲೆ ತಮ್ಮ ತಂಡ ಗೆದ್ದಿದ್ದ ಪಂದ್ಯದ ಫಲಿತಾಂಶವನ್ನು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯು ತಿರುಗಿಸಿ, ಗೆಲುವನ್ನು ಸ್ಟ್ಯಾನ್‌ಫರ್ಡಿಗೆ ಕೊಟ್ಟಿದೆ ಎಂಬುದು ಅದರ ಸಾರಾಂಶ.

ಸುದ್ದಿ ಸುಳ್ಳು, ಪತ್ರಿಕೆಯೂ ಸುಳ್ಳು. ಅದನ್ನು ಬರೆದು, ಅಚ್ಚು ಹಾಕಿಸಿ, ಸುಮಾರು 7,000 ಪ್ರತಿಗಳನ್ನು ಬರ್ಕ್ಲಿಯ ಆವರಣದಲ್ಲಿ ಹಂಚಿದವರು ಸ್ಟ್ಯಾನ್‌ಫರ್ಡಿನ ಕಾಲೇಜು ಪತ್ರಿಕೆ 'ಸ್ಟ್ಯಾನ್‌ಫರ್ಡ್ ಡೇಲಿ'ಯ ವಿದ್ಯಾರ್ಥಿಗಳು. ಎದುರಾಳಿಯ ಪತ್ರಿಕೆಯ ವೇಷ ತೊಟ್ಟು ಎದುರಾಳಿಯ ಅಂಗಳಕ್ಕೇ ಹೋಗಿ ಪಂದ್ಯದ ಫಲಿತಾಂಶವನ್ನು ಬದಲಿಸಿ ಬಂದ ಈ ಹುಡುಗರ ಕೀಟಲೆಯನ್ನು ಅಲ್ಲಿಯ ಜನ ಇಂದಿಗೂ ನೆನೆದು ನಗುತ್ತಾರೆ. ಆದರೆ ಅಷ್ಟು ಮಂದಿ ಓದುಗರು ಕ್ಷಣಕಾಲವಾದರೂ ಅದನ್ನು ನಂಬಿದ್ದೇಕೆ ಎಂಬ ಪ್ರಶ್ನೆ ನಗೆಯಿಂದ ಮುಗಿಯುವಂಥದಲ್ಲ. ಅದಕ್ಕೆ ಉತ್ತರ ಶನಿವಾರದ ಪಂದ್ಯದ ಕೊನೆಯ ನಾಲ್ಕು ಸೆಕೆಂಡುಗಳಲ್ಲಿದೆ.

ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ಒಂದೇ ಕೊಲ್ಲಿಯ ಆಚೀಚೆ ಇರುವ ಊರುಗಳು; ನಡುವೆ ಸುಮಾರು ಅರವತ್ತು ಕಿಲೋಮೀಟರ್ ದಾರಿ. ಒಂದು ಸರಕಾರಿ ವಿಶ್ವವಿದ್ಯಾಲಯ, ಇನ್ನೊಂದು ರೈಲು ಉದ್ಯಮದ ಧನಿಕನೊಬ್ಬನು ತೀರಿಹೋದ ಮಗನ ನೆನಪಿಗಾಗಿ ಕಟ್ಟಿಸಿದ ಖಾಸಗಿ ಸಂಸ್ಥೆ. ಒಂದೇ ಮನೆಯಲ್ಲಿ ಅಣ್ಣ ಇಲ್ಲಿ, ತಂಗಿ ಅಲ್ಲಿ ಓದುವುದುಂಟು. ಇಂಥ ನೆರೆಹೊರೆಯಲ್ಲಿ ಹುಟ್ಟುವ ಪೈಪೋಟಿಗೆ ದೂರದ ಊರಿನ ತಂಡದ ಮೇಲಿನ ಪೈಪೋಟಿಗಿಂತ ಬಿಸಿ ಹೆಚ್ಚು. ಇವೆರಡು 1892ರಿಂದ ಅಮೆರಿಕನ್ ಫುಟ್‌ಬಾಲ್ ಆಡುತ್ತ ಬಂದಿವೆ. ವರ್ಷಕ್ಕೊಮ್ಮೆ ನಡೆಯುವ ಆ ಪಂದ್ಯಕ್ಕೆ 'ಬಿಗ್ ಗೇಮ್' ಎಂದೇ ಹೆಸರು. ಮೊದಲ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ತಂಡದ ವಿದ್ಯಾರ್ಥಿ ವ್ಯವಸ್ಥಾಪಕನಾಗಿದ್ದವನು ಹರ್ಬರ್ಟ್ ಹೂವರ್. ಅಂದು ಚೆಂಡು ತರುವುದನ್ನೇ ಮರೆತಿದ್ದರು ಎಂಬ ಕತೆ ಪ್ರಚಾರದಲ್ಲಿದೆ. ಮುಂದೆ ಅದೇ ಹೂವರ್ ಅಮೆರಿಕದ ಅಧ್ಯಕ್ಷನಾದನು. ಗೆದ್ದವರಿಗೆ ಸಿಗುವುದು ಒಂದು ಕೊಡಲಿಯ ಅಲಗು. ಅದನ್ನು ಹಲಗೆಯ ಮೇಲೆ ಕೂರಿಸಿ, ಕೆಳಗೆ ವರ್ಷವಾರು ಅಂಕಗಳನ್ನು ಕೆತ್ತಿದ್ದಾರೆ. ಈ ಹಲಗೆಯ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ಆಟವನ್ನು ಅರಿಯದವರಿಗೆ ಎರಡು ಮೂರು ನಿಯಮಗಳಷ್ಟೇ ಸಾಕು. ಮೈದಾನದ ಉದ್ದ ನೂರು ಗಜ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದುಕೊಂಡು ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ. ದಾಟಲಾಗದೆ ಚೆಂಡನ್ನು ಒದ್ದು ಕಂಬಗಳ ನಡುವೆ ತೂರಿಸಿದರೆ ಮೂರು. ಅಂಕ ಗಳಿಸಿದ ತಂಡವು ಮತ್ತೆ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕು. ಚೆಂಡು ಹಿಡಿದು ಓಡುವವನು ಅದನ್ನು ಹಿಂದಕ್ಕೋ ಪಕ್ಕಕ್ಕೋ ತನ್ನವರಿಗೆ ಎಸೆಯಬಹುದು, ಎಷ್ಟು ಸಲ ಬೇಕಾದರೂ ಎಸೆಯಬಹುದು. ಹೀಗೆ ಓಡುತ್ತಿರುವಾಗ ಮುಂದಕ್ಕೆ ಎಸೆಯುವಂತಿಲ್ಲ. ಅವನ ಮೊಣಕಾಲು ನೆಲಕ್ಕೆ ತಾಗಿತೆಂದರೆ ಆ ಓಟ ಅಲ್ಲಿಗೆ ಮುಗಿಯಿತು. ಇನ್ನೊಂದು ಮಾತು. ಕಬಡ್ಡಿಯಲ್ಲಿ ಸಮಯ ಮುಗಿದರೂ ಹೊರಟ ರೈಡು ಪೂರ್ತಿಯಾಗುವ ತನಕ ಆಟ ನಿಲ್ಲದು ಎಂಬುದು ನಮ್ಮ ಊರಿನ ಮಕ್ಕಳಿಗೆಲ್ಲ ಗೊತ್ತು. ಅಲ್ಲಿಯೂ ಹಾಗೆಯೇ: ಗಡಿಯಾರ ಸೊನ್ನೆಗೆ ಬಂದರೂ, ಅದಕ್ಕೆ ಮೊದಲು ಆರಂಭವಾದ ಓಟ ತನ್ನ ಕೊನೆ ಕಾಣಲೇಬೇಕು.

ಆ ಶನಿವಾರ ಬರ್ಕ್ಲಿಯ ಬೆಟ್ಟದ ಬುಡದಲ್ಲಿರುವ ಮೆಮೋರಿಯಲ್ ಕ್ರೀಡಾಂಗಣದಲ್ಲಿ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಬರ್ಕ್ಲಿಯ ತಂಡಕ್ಕೆ ಈ ಪಂದ್ಯದಲ್ಲಿ ಮಾನದ ಪ್ರಶ್ನೆಯಷ್ಟೇ ಇತ್ತು. ಸ್ಟ್ಯಾನ್‌ಫರ್ಡಿಗೆ ಅದಕ್ಕಿಂತ ಹೆಚ್ಚಿನದು ಪಣಕ್ಕಿತ್ತು. ಅದರ ಮುಂದಾಳು ಜಾನ್ ಎಲ್ವೇ ಆ ಕಾಲದ ಕಾಲೇಜು ಆಟಗಾರರಲ್ಲಿ ಅಗ್ರಗಣ್ಯನು. ಅದು ಅವನ ಕೊನೆಯ ವರ್ಷ. ಅಂದು ಗೆದ್ದರೆ ತಂಡಕ್ಕೆ ಋತುವಿನ ಕೊನೆಗೆ ನಡೆಯುವ ಆಹ್ವಾನಿತ ಪಂದ್ಯವೊಂದರಲ್ಲಿ ಆಡುವ ಅವಕಾಶ. ಸೋತರೆ ಎಲ್ವೇ ಅಂಥದೊಂದು ಪಂದ್ಯವನ್ನೂ ಆಡದೆಯೇ ಕಾಲೇಜು ಬಿಡಬೇಕು.

ಮೊದಲರ್ಧದಲ್ಲಿ ಬರ್ಕ್ಲಿ ಹತ್ತು ಅಂಕಗಳಿಂದ ಮುಂದಿತ್ತು. ಬಳಿಕ ಸ್ಟ್ಯಾನ್‌ಫರ್ಡ್ ಹಿಂದಿಕ್ಕಿತು, ಮತ್ತೆ ಬರ್ಕ್ಲಿ ಮುಂದಾಯಿತು. ಪಂದ್ಯದ ಕೊನೆಯ ನಿಮಿಷಗಳಲ್ಲಿ ಅಂಕ 19–17, ಬರ್ಕ್ಲಿಯ ಪರ.

ಅಂಥ ಹೊತ್ತಿನಲ್ಲಿ ಎಲ್ವೇ ತನ್ನದೇ ಕೊನೆಯ ಗೆರೆಯಿಂದ 13 ಗಜ ದೂರದಲ್ಲಿ ಸಿಕ್ಕಿಬಿದ್ದಿದ್ದನು. ಚೆಂಡನ್ನು ಹತ್ತು ಗಜ ಮುಂದೊಯ್ಯಲು ಒಂದು ತಂಡಕ್ಕೆ ನಾಲ್ಕು ಪ್ರಯತ್ನಗಳು ಮಾತ್ರ. ಮೂರು ಮುಗಿದಿದ್ದವು, ಅಷ್ಟರಲ್ಲಿ ತಂಡ ಹಿಂದಕ್ಕೆ ಸರಿದು ಬೇಕಾದ ದೂರ 17 ಗಜವಾಗಿತ್ತು. ನಾಲ್ಕನೆಯದು ತಪ್ಪಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು. ಎಲ್ವೇ ಹಿಂದೆ ಸರಿದು ಎಮಿಲ್ ಹ್ಯಾರಿ ಎಂಬ ಜತೆಗಾರನಿಗೆ 29 ಗಜದ ನೇರ ಎಸೆತವೊಂದನ್ನು ಎಸೆದನು. ಅಲ್ಲಿಂದ ತಂಡ ಸರಸರನೆ ಮುಂದೆ ಸಾಗಿ, ಕಂಬಗಳಿಗೆ ಒದೆಯಬಹುದಾದಷ್ಟು ಹತ್ತಿರಕ್ಕೆ ಬಂತು. ಗಡಿಯಾರದಲ್ಲಿ ಎಂಟು ಸೆಕೆಂಡು ಉಳಿದಿರುವಾಗ ಎಲ್ವೇ ಆಟವನ್ನು ನಿಲ್ಲಿಸುವಂತೆ ಸಂಜ್ಞೆ ಮಾಡಿದನು.

ಎಂಟು. ಇನ್ನೊಂದು ನಾಲ್ಕು ಸೆಕೆಂಡು ತಡೆದು ನಿಲ್ಲಿಸಿದ್ದರೆ, ಒದೆತದೊಂದಿಗೇ ಸಮಯ ಮುಗಿದು, ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ಮಾರ್ಕ್ ಹಾರ್ಮನ್ 35 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾಯಿತು. ಸ್ಟ್ಯಾನ್‌ಫರ್ಡ್ 20, ಬರ್ಕ್ಲಿ 19. ಉಳಿದದ್ದು ನಾಲ್ಕು ಸೆಕೆಂಡು.

ಇಲ್ಲಿ ಸ್ಟ್ಯಾನ್‌ಫರ್ಡ್ ಆಟಗಾರರು ಇನ್ನೊಂದು ತಪ್ಪು ಮಾಡಿದರು. ಗೆದ್ದೆವೆಂಬ ಹುಮ್ಮಸ್ಸಿನಲ್ಲಿ ಮೈದಾನಕ್ಕೆ ನುಗ್ಗಿ ಕುಣಿದರು. ಅತಿಯಾದ ಸಂಭ್ರಮಕ್ಕೆ ದಂಡ 15 ಗಜ. ಹೀಗಾಗಿ 40ನೆಯ ಗಜದ ಗೆರೆಯಿಂದ ಒದೆಯಬೇಕಿದ್ದ ಚೆಂಡನ್ನು 25ನೆಯ ಗಜದಿಂದ ಒದೆಯಬೇಕಾಯಿತು. ಹದಿನೈದು ಗಜವೆಂದರೆ ಒಂದು ತರಗತಿಯ ಕೋಣೆಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಆ ಹಿಂಜರಿತದಿಂದ ಚೆಂಡು ಬಿದ್ದುದು ಬರ್ಕ್ಲಿಯ ಹಿಂಬದಿಯಲ್ಲಲ್ಲ, ಮೈದಾನದ ನಡುಭಾಗಕ್ಕೆ ಸಮೀಪದಲ್ಲಿ. ಓಡಬೇಕಾದ ದೂರ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಯಾರೂ ಸಲೀಸಾಗಿ ಹಿಡಿದು ಓಡಬಾರದೆಂದು ಹಾರ್ಮನ್ ಚೆಂಡನ್ನು ನೆಲದ ಮೇಲೆ ಪುಟಿಯುವಂತೆ ತಗ್ಗಿನಲ್ಲಿ ಒದ್ದನು. ಇತ್ತ ಬರ್ಕ್ಲಿಯ ಆಟಗಾರರು ಒತ್ತಾಗಿ ನಿಂತು ಮಾತಾಡಿಕೊಂಡಿದ್ದರು. ಚೆಂಡು ಹಿಡಿದಿರುವಾಗ ಯಾರೂ ಬೀಳಬಾರದು, ಬೀಳುವ ಹಾಗಾದರೆ ಹಿಂದಿರುವವನಿಗೆ ಎಸೆದುಬಿಡಬೇಕು ಎಂಬುದು ರಿಚರ್ಡ್ ರಾಜರ್ಸ್ ಕೊಟ್ಟ ಸಲಹೆ. ಅದು ಆ ಕ್ಷಣಕ್ಕೆ ಹೊಳೆದ ಹುಚ್ಚು ಉಪಾಯವೇನಲ್ಲ. ಆ ವರ್ಷವೇ ತರಬೇತುದಾರನಾಗಿ ಬಂದ ಜೋ ಕ್ಯಾಪ್ ಅಭ್ಯಾಸದ ವೇಳೆ ಹುಡುಗರಿಗೆ ಚೆಂಡನ್ನು ಕೈಯಿಂದ ಕೈಗೆ ಎಸೆದಾಡುವ ಒಂದು ತಮಾಷೆಯ ಆಟವನ್ನು ಆಡಿಸುತ್ತಿದ್ದನು. ಅದು ದಣಿವಾರಿಸುವ ಆಟ. ಪಂದ್ಯಕ್ಕೆ ಬಂದೀತೆಂದು ಯಾರೂ ಎಣಿಸಿರಲಾರರು.

ಪುಟಿದ ಚೆಂಡನ್ನು ಎತ್ತಿಕೊಂಡವನು ಕೆವಿನ್ ಮೋಯೆನ್. ಎದುರಿಗೆ ದಾರಿ ಕಾಣದೆ ಅವನು ಎಡಕ್ಕಿದ್ದ ರಾಜರ್ಸ್‌ಗೆ ಎಸೆದನು: ಇದು ಮೊದಲನೆಯದು. ರಾಜರ್ಸ್ ಅಂಚಿನಲ್ಲಿ ಸಿಕ್ಕಿಬೀಳುವಷ್ಟರಲ್ಲಿ ಚೆಂಡು ಡ್ವೈಟ್ ಗಾರ್ನರ್ ಎಂಬ ಮೊದಲ ವರ್ಷದ ಹುಡುಗನ ಕೈಸೇರಿತು: ಎರಡನೆಯದು. ಗಾರ್ನರ್ ನಡುವಿನಲ್ಲಿ ನುಗ್ಗಿ ನಾಲ್ಕೈದು ಗಜ ಹೋದನೋ ಇಲ್ಲವೋ, ಸ್ಟ್ಯಾನ್‌ಫರ್ಡಿನ ನಾಲ್ಕೈದು ಮಂದಿ ಅವನ ಮೇಲೆ ಬಿದ್ದರು. ಅವನು ಜನರ ನಡುವೆ ಮುಚ್ಚಿಹೋದನು.

ಮುಗಿಯಿತೆಂದುಕೊಂಡವರು ಬಹಳ. ಸ್ಟ್ಯಾನ್‌ಫರ್ಡಿನ ಬದಲಿ ಆಟಗಾರರು ಮೈದಾನಕ್ಕೆ ಕಾಲಿಟ್ಟರು. ಅಂತಿಮ ಗೆರೆಯ ಹಿಂದೆ ಕಾಯುತ್ತಿದ್ದ ಅವರ ವಾದ್ಯಮೇಳದ 144 ಮಂದಿ, ಕೆಂಪು ಕೋಟು ತೊಟ್ಟು, ತುತ್ತೂರಿ ಡೋಲುಗಳೊಂದಿಗೆ ವಿಜಯದ ಮೆರವಣಿಗೆಗೆಂದು ಒಳಕ್ಕೆ ಹರಿದು ಬಂದರು.

ಆದರೆ ಗಾರ್ನರ್ ಬೀಳುತ್ತಿರುವಂತೆಯೇ ಚೆಂಡನ್ನು ಮತ್ತೆ ರಾಜರ್ಸ್‌ಗೆ ಎಸೆದಿದ್ದನು. ಮೂರನೆಯ ಎಸೆತ. ಯಾರೂ ಸೀಟಿ ಊದಲಿಲ್ಲ. ರಾಜರ್ಸ್ ಬಲಕ್ಕೆ ತಿರುಗಿ ಓಡಿ, ಮೇರಿಯೆಟ್ ಫೋರ್ಡ್‌ಗೆ ಕೊಟ್ಟನು: ನಾಲ್ಕು. ಫೋರ್ಡ್ ಬಲ ಅಂಚಿನಲ್ಲಿ ಇಪ್ಪತ್ತು ಗಜದಷ್ಟು ಧಾವಿಸಿದನು. ಮುಂದೆ ಮೂವರು ಅಡ್ಡಬಂದಾಗ ಅವರ ಮೇಲೆ ತಾನೇ ಅಪ್ಪಳಿಸುತ್ತ, ಹಿಂದೆ ತಿರುಗಿ ನೋಡದೆಯೇ ಚೆಂಡನ್ನು ಹೆಗಲ ಮೇಲಿಂದ ಹಾರಿಸಿಬಿಟ್ಟನು. ಐದನೆಯದು. ಅದನ್ನು ಹಿಡಿದವನು, ಮೊದಲು ಚೆಂಡನ್ನು ಎತ್ತಿಕೊಂಡ ಅದೇ ಮೋಯೆನ್. ಗೆರೆಗೆ ಇನ್ನು ಇಪ್ಪತ್ತೈದು ಗಜವಿತ್ತು. ಅವನ ಎದುರಿಗೆ ಎದುರಾಳಿ ಆಟಗಾರರು ಉಳಿದಿರಲಿಲ್ಲ. ವಾದ್ಯದವರು ಮಾತ್ರ ಇದ್ದರು. ಅವರು ದಿಕ್ಕೆಟ್ಟು ಆಚೀಚೆ ಚದುರಿದರು. ಮೋಯೆನ್ ಅವರ ನಡುವೆ ನುಗ್ಗಿ ಗೆರೆ ದಾಟಿ, ಚೆಂಡನ್ನೆತ್ತಿ ಜಿಗಿದು ಕೆಳಗಿಳಿದದ್ದು ಗ್ಯಾರಿ ಟೈರೆಲ್ ಎಂಬ ಟ್ರಾಂಬೋನ್ ವಾದಕನ ಮೇಲೆ. ವಾದಕ ನೆಲಕ್ಕುರುಳಿದನು. ಆ ಟ್ರಾಂಬೋನ್ ಮುಂದೆ ಕಾಲೇಜು ಫುಟ್‌ಬಾಲಿನ ಕೀರ್ತಿಭವನದಲ್ಲಿ ಪ್ರದರ್ಶನದ ವಸ್ತುವಾಯಿತು.

ಇದಿಷ್ಟೂ ಇಂದು ದೃಶ್ಯಮುದ್ರಿಕೆಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಹೇಳಬಹುದಾದ ಮಾತು. ಅಂದು ಕ್ರೀಡಾಂಗಣದಲ್ಲಿ ಕುಳಿತು ಕಾಗದ ಪೆನ್ನು ಹಿಡಿದವರ ಪಾಡು ಬೇರೆ. ಚೆಂಡು ಯಾರ ಕೈಯಲ್ಲಿದೆ ಎಂಬುದೇ ತಿಳಿಯದಂತೆ ಕೆಂಪು ಕೋಟುಗಳು ಮೈದಾನವನ್ನು ತುಂಬಿದ್ದವು. ರೇಡಿಯೊದಲ್ಲಿ ಬರ್ಕ್ಲಿಯ ಪರವಾಗಿ ವೀಕ್ಷಕವಿವರಣೆ ನೀಡುತ್ತಿದ್ದ ಜೋ ಸ್ಟಾರ್ಕಿಯ ಧ್ವನಿಮುದ್ರಿಕೆ ಉಳಿದಿದೆ. ಪಂದ್ಯ ವರದಿ ಬರೆಯಲು ಕಲಿಯುವವರು ಕೇಳಬೇಕಾದದ್ದು ಅದು. ವಾದ್ಯಮೇಳ ಮೈದಾನಕ್ಕೆ ಬಂದುಬಿಟ್ಟಿದೆ ಎಂದು ಅವನು ಕೂಗುತ್ತಾನೆ. ದಂಡದ ಬಾವುಟಗಳು ಬಿದ್ದಿವೆ, ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಕೇಳುಗರನ್ನು ಕಾಯಿಸುತ್ತಾನೆ. ತೀರ್ಪು ಹೊರಬಿದ್ದ ಮೇಲೆ ಒಂದರ ಹಿಂದೊಂದಾಗಿ ಐದಾರು ವಿಶೇಷಣಗಳನ್ನು ಪೋಣಿಸಿ, ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲೇ ಇಂಥ ಮುಕ್ತಾಯವಿಲ್ಲವೆನ್ನುತ್ತಾನೆ. ಆ ವಿಶೇಷಣಗಳ ಸರಮಾಲೆಯನ್ನು ಬಾಯಿಪಾಠ ಹೇಳಬಲ್ಲವರು ಕಡಿಮೆ. ವಾದ್ಯಮೇಳ ಮೈದಾನದಲ್ಲಿದೆ ಎಂಬ ಬರಿಯ ವಾಕ್ಯ ಮಾತ್ರ ಅಮೆರಿಕದಲ್ಲಿ ಮನೆಮಾತಾಗಿದೆ. ಅದರಲ್ಲಿ ಒಂದೂ ವಿಶೇಷಣವಿಲ್ಲ, ಕಂಡದ್ದಷ್ಟೇ ಇದೆ.

ತೀರ್ಪು ಕೊಡಬೇಕಾದವನು ಮುಖ್ಯ ನಿರ್ಣಾಯಕ ಚಾರ್ಲ್ಸ್ ಮೋಫೆಟ್. ಮೋಯೆನ್ ಗೆರೆ ದಾಟಿದ್ದನ್ನು ಅವನು ಸ್ವತಃ ಕಂಡಿರಲಿಲ್ಲ. ವಾದ್ಯದವರ ಗುಂಪಿನಲ್ಲಿ ಓಟಗಾರ ಮರೆಯಾಗಿದ್ದನು. ದೃಶ್ಯಮುದ್ರಿಕೆ ನೋಡಿ ತೀರ್ಪು ಪರಿಶೀಲಿಸುವ ಪದ್ಧತಿ ಆಗ ಆ ಆಟದಲ್ಲಿ ಇರಲಿಲ್ಲ. ಅವನಿಗಿದ್ದ ಸಾಧನ ಒಂದೇ: ಬೇರೆ ಬೇರೆ ಕಡೆ ನಿಂತಿದ್ದ ಸಹ ನಿರ್ಣಾಯಕರನ್ನು ಕರೆದು ಕೇಳುವುದು. ಯಾರಾದರೂ ಸೀಟಿ ಊದಿದಿರಾ? ಇಲ್ಲ. ಎಸೆತಗಳಲ್ಲಿ ಯಾವುದಾದರೂ ಮುಂದಕ್ಕೆ ಹೋಯಿತೇ? ಇಲ್ಲ. ಗೆರೆ ದಾಟಿದ್ದನ್ನು ಕಂಡವರುಂಟೇ? ಉಂಟು. ಬಿದ್ದಿದ್ದ ಬಾವುಟಗಳು ಯಾರ ಮೇಲೆ? ಮೈದಾನಕ್ಕೆ ಹೆಚ್ಚು ಜನ ಬಂದುದಕ್ಕಾಗಿ, ಸ್ಟ್ಯಾನ್‌ಫರ್ಡಿನ ಮೇಲೆ. ಹಾಗಾದರೆ ಅಂಕವನ್ನು ತಡೆಯಲು ಕಾರಣ ಉಳಿಯಲಿಲ್ಲ. ಮೋಫೆಟ್ ಎರಡೂ ಕೈಗಳನ್ನು ಮೇಲೆತ್ತಿದನು. ಬೆಟ್ಟದ ಮೇಲೆ ಬರ್ಕ್ಲಿಯವರು ತಮ್ಮ ತಂಡ ಅಂಕ ಗಳಿಸಿದಾಗ ಹಾರಿಸುವ ಫಿರಂಗಿ ಗುಡುಗಿತು. ಅಂಕ 25–20. ಅದರ ಬಳಿಕದ ಹೆಚ್ಚುವರಿ ಒದೆತಕ್ಕೆ ಮೈದಾನದಲ್ಲಿ ಜಾಗವೇ ಇರಲಿಲ್ಲ, ಅದನ್ನು ಕೈಬಿಟ್ಟರು.

ಆ ಪ್ರಶ್ನೋತ್ತರವನ್ನು ಗಮನಿಸಿದರೆ ಒಂದು ಒಳ್ಳೆಯ ವರದಿಯ ಬೆನ್ನೆಲುಬು ಅಲ್ಲೇ ಕಾಣುತ್ತದೆ. ಮೋಫೆಟ್ ಯಾರಲ್ಲಿಯೂ ಏನನ್ನಿಸಿತೆಂದು ಕೇಳಲಿಲ್ಲ. ಏನು ಕಂಡಿರಿ, ಎಲ್ಲಿಂದ ಕಂಡಿರಿ ಎಂಬುದೇ ಅವನಿಗೆ ಬೇಕಾದದ್ದು. ಎಲ್ಲವನ್ನೂ ಕಂಡವನು ಅಂದು ಯಾವನೂ ಇರಲಿಲ್ಲ. ತುಂಡು ತುಂಡಾಗಿ ಕಂಡವರ ಮಾತುಗಳನ್ನು ಕೂಡಿಸಿದಾಗಲೇ ಓಟ ಪೂರ್ತಿಯಾಯಿತು.

ಹಾಗಿದ್ದರೂ ಎರಡು ಅನುಮಾನಗಳು ಉಳಿದವು, ಇಂದಿಗೂ ಉಳಿದಿವೆ. ಮೊದಲನೆಯದು ಗಾರ್ನರ್‌ನ ಮೊಣಕಾಲು. ಚೆಂಡು ಅವನ ಕೈಬಿಡುವ ಮೊದಲೇ ಅದು ನೆಲಕ್ಕೆ ತಾಗಿತ್ತೆಂದು ಸ್ಟ್ಯಾನ್‌ಫರ್ಡಿನವರು ವಾದಿಸುತ್ತಾರೆ. ಮುದ್ರಿಕೆಯಲ್ಲಿ ಆ ಕ್ಷಣದಲ್ಲಿ ಅವನ ಕಾಲುಗಳು ಇತರರ ಮೈಯ ಮರೆಯಲ್ಲಿವೆ. ಎರಡನೆಯದು ಫೋರ್ಡ್‌ನ ಕೊನೆಯ ಎಸೆತ. ಓಡುತ್ತಿರುವವನು ಹಿಂದಕ್ಕೆ ಎಸೆದ ಚೆಂಡೂ ಅವನ ಓಟದ ವೇಗವನ್ನು ಹೊತ್ತು ತುಸು ಮುಂದಕ್ಕೆ ಸಾಗಿದಂತೆ ಕಾಣಬಹುದು. ಓಡುವ ಬಸ್ಸಿನೊಳಗೆ ಹಿಂದಕ್ಕೆಸೆದ ಪೊಟ್ಟಣವು ರಸ್ತೆಯ ಲೆಕ್ಕದಲ್ಲಿ ಮುಂದಕ್ಕೇ ಹೋಗುವುದಿಲ್ಲವೇ, ಹಾಗೆ. ಗೆರೆಗಳಿಗೆ ನೇರವಾಗಿ ನಿಂತು ನೋಡದ ಹೊರತು ಇದನ್ನು ತೀರ್ಮಾನಿಸುವುದು ಕಷ್ಟ. ಪ್ರಾಮಾಣಿಕ ವರದಿಗಾರನು ಇಲ್ಲಿ ಮೊಣಕಾಲು ತಾಗಿತು ಎಂದೂ ಬರೆಯಲಾರ, ತಾಗಲಿಲ್ಲ ಎಂದೂ ಬರೆಯಲಾರ. ಸೀಟಿ ಕೇಳಲಿಲ್ಲ ಎಂದು ಬರೆಯಬಲ್ಲ.

ಬುಧವಾರದ ಸುಳ್ಳು ಸಂಚಿಕೆ ಬೇರೂರಿದ್ದು ಈ ಬಿರುಕಿನಲ್ಲಿ. ಹತ್ತು ಅಂಕಗಳಿಂದ ಗೆದ್ದ ಪಂದ್ಯವನ್ನು ಸಂಸ್ಥೆಯು ತಿರುಗಿಸಿತೆಂದು ಬರೆದಿದ್ದರೆ ಬರ್ಕ್ಲಿಯ ಓದುಗರು ಅಲ್ಲೇ ನಗುತ್ತಿದ್ದರು. ಆದರೆ ಇಲ್ಲಿ ಪ್ರತಿಯೊಬ್ಬರ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕಿತ್ತು. ಮೂರು ದಿನಗಳಿಂದ ಊರಿಡೀ ಅದೇ ಮಾತು. ಆ ಅಳುಕು ಅಚ್ಚಿನಲ್ಲಿ, ಪರಿಚಿತ ಹೆಸರಿನ ಕೆಳಗೆ, ಪರಿಚಿತ ಅಕ್ಷರವಿನ್ಯಾಸದಲ್ಲಿ ಎದುರಾದಾಗ ನಂಬಿಕೆ ಸುಲಭವಾಯಿತು. ಸ್ಟ್ಯಾನ್‌ಫರ್ಡಿನ ಹುಡುಗರು ಪತ್ರಿಕೆಯ ಕೆಲಸವನ್ನು ಚೆನ್ನಾಗಿ ಕಲಿತವರು. ಸುಳ್ಳನ್ನು ಎಲ್ಲಿ ಊರಿದರೆ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಕೀಟಲೆಯೆಂದು ಮೆಚ್ಚಿಕೊಂಡರೂ, ಬೇರೊಬ್ಬರ ಪತ್ರಿಕೆಯ ಹೆಸರನ್ನು ಕದ್ದದ್ದು ಮಾತ್ರ ಅಷ್ಟು ಹಗುರವಾಗಿ ತಳ್ಳಿಹಾಕುವ ಸಂಗತಿಯಲ್ಲ. ಓದುಗರು ನಂಬಿದ್ದು ಸುದ್ದಿಯನ್ನಲ್ಲ, ಆ ಹೆಸರನ್ನು.

ಸುಳ್ಳನ್ನು ಗುರುತಿಸುವ ದಾರಿ ಇರಲಿಲ್ಲವೇ? ಇತ್ತು, ಆದರೆ ಅದಕ್ಕೆ ಆಟದ ಹಳೆಯ ಸಂಗತಿಗಳು ತಿಳಿದಿರಬೇಕಿತ್ತು. ನಿರ್ಣಾಯಕರು ಮುಗಿಸಿ ಹೊರನಡೆದ ಪಂದ್ಯವನ್ನು, ತೀರ್ಪು ತಪ್ಪೆಂಬ ಕಾರಣಕ್ಕೆ, ಮೇಲಿನ ಸಂಸ್ಥೆಯು ಮತ್ತೆ ತೆರೆದು ಬೇರೆಯವರಿಗೆ ಕೊಡುವ ವಾಡಿಕೆ ಆ ಆಟದಲ್ಲಿಲ್ಲ. 1940ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡಕ್ಕೆ ಡಾರ್ಟ್‌ಮತ್ ಎದುರು ನಿರ್ಣಾಯಕನು ಲೆಕ್ಕ ತಪ್ಪಿ ನಾಲ್ಕರ ಬದಲು ಐದನೆಯ ಪ್ರಯತ್ನವನ್ನೂ ಕೊಟ್ಟುಬಿಟ್ಟನು. ಆ ಐದನೆಯದರಲ್ಲೇ ಕಾರ್ನೆಲ್ ಗೆದ್ದಿತು. ಚಿತ್ರಗಳನ್ನು ನೋಡಿ ತಪ್ಪು ಖಚಿತವಾದ ಮೇಲೆ ಫಲಿತಾಂಶ ಬದಲಾದದ್ದು ಹೇಗೆ? ಯಾವ ಸಂಸ್ಥೆಯ ಆದೇಶದಿಂದಲೂ ಅಲ್ಲ. ಗೆದ್ದ ಕಾರ್ನೆಲ್‌ನವರೇ ತಂತಿ ಕಳುಹಿಸಿ ಗೆಲುವನ್ನು ಬಿಟ್ಟುಕೊಟ್ಟರು. 1990ರಲ್ಲಿ ಕೊಲರಾಡೊ ಮತ್ತು ಮಿಸೌರಿ ತಂಡಗಳ ನಡುವೆ ಇಂಥದೇ ಐದನೆಯ ಪ್ರಯತ್ನ ನಡೆಯಿತು. ಕೊಲರಾಡೊ ಗೆಲುವನ್ನು ಬಿಟ್ಟುಕೊಡಲಿಲ್ಲ. ತಪ್ಪು ಎಲ್ಲರ ಕಣ್ಣಿಗೂ ಸ್ಪಷ್ಟವಾಗಿದ್ದರೂ ಫಲಿತಾಂಶ ಹಾಗೆಯೇ ನಿಂತಿತು. ಮೊದಲ ಪುಟದಲ್ಲಿ 'ಸಂಸ್ಥೆಯು ಗೆಲುವನ್ನು ತಿರುಗಿಸಿತು' ಎಂದು ಓದಿದಾಗಲೇ, ಹೀಗೆ ಹಿಂದೆ ಎಂದಾದರೂ ಆಗಿದೆಯೇ ಎಂದು ಕೇಳಿಕೊಂಡವನು ಮೋಸಹೋಗುತ್ತಿರಲಿಲ್ಲ.

ಎಲ್ವೇಯ ಕಾಲೇಜು ಆಟ ಅಂದಿಗೆ ಮುಗಿಯಿತು. ಐದು ಗೆಲುವು, ಆರು ಸೋಲುಗಳೊಂದಿಗೆ ಋತುವನ್ನು ಮುಗಿಸಿದ ಸ್ಟ್ಯಾನ್‌ಫರ್ಡಿಗೆ ಆ ಆಹ್ವಾನ ಬರಲಿಲ್ಲ. ಮುಂದೆ ಡೆನ್ವರ್ ನಗರದ ವೃತ್ತಿಪರ ತಂಡಕ್ಕಾಗಿ ಆಡಿ ಎರಡು ಬಾರಿ ರಾಷ್ಟ್ರದ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದ ಆತನ ಹೆಸರಿನಲ್ಲಿ ಕಾಲೇಜಿನ ಆಹ್ವಾನಿತ ಪಂದ್ಯ ಒಂದೂ ಇಲ್ಲ. ಕೊನೆಯ ಸರದಿಯಲ್ಲಿ ಅವನು ಎಸೆದ ಆ 29 ಗಜದ ಎಸೆತ, ಬೇರೆ ಯಾವ ಶನಿವಾರದಲ್ಲಾದರೂ, ವರದಿಯ ಮೊದಲ ವಾಕ್ಯಕ್ಕೆ ಅರ್ಹವಾಗುತ್ತಿತ್ತು. ವಾದ್ಯಮೇಳದ ಗದ್ದಲದಲ್ಲಿ ಅದು ಹೆಚ್ಚಿನವರಿಗೆ ಮರೆತೇಹೋಯಿತು. ಸೋತವರ ಒಳ್ಳೆಯ ಆಟವನ್ನು ಹುಡುಕಿ ಬರೆದಿಡುವ ಕೆಲಸ ಸಾಮಾನ್ಯವಾಗಿ ಅವರ ಕಾಲೇಜು ಪತ್ರಿಕೆಗೇ ಬೀಳುತ್ತದೆ.

ಇನ್ನು ಕೊಡಲಿಯ ಹಲಗೆ. ಅದರಲ್ಲಿ 1982ರ ಎದುರು ಕೆತ್ತಿರುವ ಅಂಕ ಆಯಾ ವರ್ಷ ಕೊಡಲಿ ಯಾರ ವಶದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಬರ್ಕ್ಲಿಯವರು ಗೆದ್ದು ಮನೆಗೆ ಒಯ್ದಾಗ ಅಲ್ಲಿ 25–20, ಬರ್ಕ್ಲಿಗೆ ಜಯ. ಸ್ಟ್ಯಾನ್‌ಫರ್ಡ್ ಗೆದ್ದ ವರ್ಷ ಅಲ್ಲಿಯ ವಿದ್ಯಾರ್ಥಿಗಳು ಆ ಅಂಕವನ್ನು ಬದಲಿಸಿ, 20–19, ಸ್ಟ್ಯಾನ್‌ಫರ್ಡಿಗೆ ಜಯ ಎಂದು ಮಾಡುತ್ತಾರೆ. ಕೊಡಲಿ ಕೈಬದಲಾದೊಡನೆ ಬರ್ಕ್ಲಿಯವರು ಮತ್ತೆ ಅದನ್ನು 25–20 ಮಾಡುತ್ತಾರೆ.